ಅಪ್ಪನ ಸಾಲ ಕರೆಂಟ್ ಲಯಬಿಲಿಟಿ ಆಗಿದ್ದು ಯಾಕೆ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ, ಪ್ರೈವೇಟ್ ಲಿಮಿಟೆಡ್. 2025ರ ಮಾರ್ಚ್ 31ರ ಬ್ಯಾಲೆನ್ಸ್ ಶೀಟನ್ನು ನಮ್ಮ ಅಕೌಂಟೆಂಟ್ ಟ್ಯಾಲಿಯಿಂದ ತೆಗೆದಾಗ ಕರೆಂಟ್ ರೇಷಿಯೋ 1.59 ಇತ್ತು. ಆಡಿಟರ್ ಕೈಗೆ ಹೋಗಿ ಬಂದ ಮೇಲೆ 0.85 ಆಗಿದೆ. ಒಟ್ಟು ಮೊತ್ತ ಎರಡರಲ್ಲೂ ಒಂದೇ, 345 ಲಕ್ಷ. ಅಪ್ಪ ಎಂಟು ವರ್ಷದ ಹಿಂದೆ ಕಂಪನಿಗೆ ಕೊಟ್ಟ 40 ಲಕ್ಷವನ್ನು ಕರೆಂಟ್ ಅಂತ ಹಾಕಿದ್ದಾರೆ. ಮೂರೇ ತಿಂಗಳಲ್ಲಿ ಬರುವ ಮಷಿನ್‌ಗೆ ಕೊಟ್ಟ ಅಡ್ವಾನ್ಸನ್ನು ನಾನ್-ಕರೆಂಟ್ ಅಂತ ಹಾಕಿದ್ದಾರೆ. ಇದು ಉಲ್ಟಾ ಅಲ್ವಾ? ಬ್ಯಾಂಕ್‌ನವರು ರೇಷಿಯೋ 1.33 ಬೇಕು, ಇಲ್ಲದಿದ್ದರೆ ಕ್ಯಾಶ್ ಕ್ರೆಡಿಟ್ ಅಂದರೆ ಸಿಸಿ ಸಾಲದ ಮಿತಿ ಜಾಸ್ತಿ ಮಾಡಲ್ಲ ಅಂತಿದ್ದಾರೆ.

ಉತ್ತರ: ನೀವು ಕಳಿಸಿದ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ನಿಮ್ಮ ಆಡಿಟರ್ ಮಾಡಿದ್ದು ಸರಿ ಇದೆ. ಆದರೆ ಯಾಕೆ ಸರಿ ಅಂತ ಅವರು ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು. ಅದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಹಾಳೆಯ ರಚನೆ. ಕಂಪನಿ ಕಾಯ್ದೆ 2013ರ ಮೂರನೇ ಶೆಡ್ಯೂಲ್‌ನಲ್ಲಿ ಇದಕ್ಕೊಂದು ನಮೂನೆ ಕೊಟ್ಟಿದ್ದಾರೆ. ನಿಮ್ಮಂಥ ಸಣ್ಣ ಕಂಪನಿಗಳಿಗೆ ಅನ್ವಯಿಸುವುದು ಅದರ ಮೊದಲ ಭಾಗ. ಮೇಲಿನ ಅರ್ಧದಲ್ಲಿ ಹಣ ಎಲ್ಲಿಂದ ಬಂತು ಅನ್ನುವುದು, ಕೆಳಗಿನ ಅರ್ಧದಲ್ಲಿ ಆ ಹಣ ಈಗ ಯಾವ ರೂಪದಲ್ಲಿ ಕೂತಿದೆ ಅನ್ನುವುದು. ಮೇಲೆ ಮೊದಲು ಬರುವುದು ಮಾಲೀಕರ ಹಣ, ಅಂದರೆ ಷೇರು ಬಂಡವಾಳ ಮತ್ತು ಇಷ್ಟು ವರ್ಷ ಕಂಪನಿಯಲ್ಲೇ ಉಳಿಸಿಕೊಂಡು ಬಂದ ಲಾಭ. ಆಮೇಲೆ ನಾನ್-ಕರೆಂಟ್ ಹೊಣೆಗಳು. ಆಮೇಲೆ ಕರೆಂಟ್ ಹೊಣೆಗಳು. ಕೆಳಗೆ ಮೊದಲು ನಾನ್-ಕರೆಂಟ್ ಆಸ್ತಿ, ಕೊನೆಗೆ ಕರೆಂಟ್ ಆಸ್ತಿ. ಕರೆಂಟ್ ಆಸ್ತಿಯನ್ನು ಕರೆಂಟ್ ಹೊಣೆಯಿಂದ ಭಾಗಿಸಿದರೆ ಬರುವುದೇ ಕರೆಂಟ್ ರೇಷಿಯೋ. ಅಂದರೆ ಎರಡೂ ಅರ್ಧಗಳಲ್ಲಿ ನಿಧಾನದ ಹಣ ಮೇಲಿರುತ್ತದೆ, ಬೇಗ ಓಡಾಡುವ ಹಣ ಕೆಳಗಿರುತ್ತದೆ. ಪಕ್ಕದ ಕಾಲಂನಲ್ಲಿ ಹಿಂದಿನ ವರ್ಷದ ಅಂಕಿ.

ನಿಮ್ಮ ತಂದೆಯವರಿಗೆ ಈ ರಚನೆ ಹೊಸದು ಅನ್ನಿಸಿದರೆ ಆಶ್ಚರ್ಯವಿಲ್ಲ. 2011ರ ಏಪ್ರಿಲ್‌ಗೆ ಮೊದಲಿನ ವರ್ಷಗಳಲ್ಲಿ ಕಂಪನಿಗಳ ಹಾಳೆ ಹೀಗಿರಲಿಲ್ಲ. ಆಗ ಸಾಲಗಳನ್ನು ಎರಡು ತಲೆಬರಹದ ಕೆಳಗೆ ಹಾಕುತ್ತಿದ್ದರು, ಸೆಕ್ಯೂರ್ಡ್ ಮತ್ತು ಅನ್‌ಸೆಕ್ಯೂರ್ಡ್. ಅಡಮಾನ ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ ಪ್ರಶ್ನೆ. ಐದು ವರ್ಷದ ಟರ್ಮ್ ಲೋನ್ ಮತ್ತು ನಾಳೆ ಬೆಳಿಗ್ಗೆ ಬ್ಯಾಂಕ್ ವಾಪಸ್ ಕೇಳಬಹುದಾದ ಸಿಸಿ, ಎರಡೂ ಒಂದೇ ಸಾಲಿನಲ್ಲಿ ಕೂರುತ್ತಿದ್ದವು. ನಿಮ್ಮೂರ ಸಹಕಾರ ಸಂಘದ ವಾರ್ಷಿಕ ವರದಿ ತೆಗೆದು ಅದರ ಅಢಾವೆ ಪತ್ರಿಕೆ ನೋಡಿ. ಬಹುತೇಕ ಕಡೆ ಈಗಲೂ ಆ ಹಳೆಯ ಎಡ-ಬಲದ ನಮೂನೆಯೇ ಕಾಣುತ್ತದೆ. ಹೊಸ ನಮೂನೆ ಕೇಳುವುದು ಬೇರೆ ಪ್ರಶ್ನೆ: ಈ ಹಣ ಯಾವಾಗ?

ಟ್ಯಾಲಿಗೂ ಆ ಹಳೆಯ ಅಭ್ಯಾಸ ಉಳಿದುಕೊಂಡಿದೆ. ಅದರಲ್ಲಿ ಮೊದಲೇ ಇರುವ ಗ್ರೂಪ್‌ಗಳನ್ನು ನೋಡಿ. Deposits (Asset) ಮತ್ತು Loans & Advances (Asset) ಎರಡೂ Current Assets ಅಡಿಯಲ್ಲಿವೆ. ಹಾಗಾಗಿ ನಿಮ್ಮ ಹೆಸ್ಕಾಂ ಡಿಪಾಸಿಟ್, ಎಫ್‌ಡಿ, ಮಷಿನ್ ಅಡ್ವಾನ್ಸ್ ಯಾರೂ ಕೇಳದೆಯೇ ಕರೆಂಟ್ ಆಸ್ತಿಗೆ ಸೇರಿಕೊಂಡವು. ಇನ್ನೊಂದು ಕಡೆ Bank OD A/c ಗ್ರೂಪ್ Loans (Liability) ಅಡಿಯಲ್ಲಿದೆ. ಸಿಸಿ ಖಾತೆಯನ್ನು ಅಲ್ಲೇ ಬಿಟ್ಟಿದ್ದರೆ ನಿಮ್ಮ ರೇಷಿಯೋ 3ರ ಮೇಲೆ ಹೋಗುತ್ತಿತ್ತು. ನಿಮ್ಮ ಅಕೌಂಟೆಂಟ್ ಅದೊಂದನ್ನು ಸರಿಯಾಗಿ ಎತ್ತಿ ಕರೆಂಟ್‌ಗೆ ಹಾಕಿದ್ದಾರೆ. ಟ್ಯಾಲಿಯ ಮೇಲೆ ನನಗೆ ದೂರಿಲ್ಲ. ದಿನದ ಲೆಕ್ಕಕ್ಕೆ ಆ ಗ್ರೂಪ್‌ಗಳು ಸಾಕು. ಆದರೆ ಅದರಿಂದ ಬಂದ ಹಾಳೆಯನ್ನು ಹಾಗೇ ಬ್ಯಾಂಕ್‌ಗೆ ಕೊಡಬಾರದು. ಪ್ರತಿಯೊಂದು ಬಾಕಿಯನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ನೋಡುವುದು ಹೇಗೆ? ಇಲ್ಲಿ ನಿಮ್ಮ ಫೌಂಡ್ರಿಯ ಒಳಗೇ ಹೋಗೋಣ. ಪಿಗ್ ಐರನ್, ಸ್ಕ್ರ್ಯಾಪ್ ಕೊಂಡು ತರುತ್ತೀರಿ. ಅದು ಯಾರ್ಡಿನಲ್ಲಿ ಸುಮಾರು ಒಂದು ತಿಂಗಳು ಇರುತ್ತದೆ. ಕರಗಿಸಿ, ಮೋಲ್ಡಿಗೆ ಸುರಿದು, ಆರಿಸಿ, ಫೆಟ್ಲಿಂಗ್ ಮಾಡಿ, ಮಷಿನಿಂಗ್‌ಗೆ ಕಳಿಸಿ, ತಪಾಸಣೆ ಮುಗಿಸುವುದಕ್ಕೆ ಇನ್ನೊಂದು ತಿಂಗಳು. ಮಾಲು ಹೋದ ಮೇಲೆ ಗಿರಾಕಿ ಹಣ ಕೊಡುವುದು 75-90 ದಿನಕ್ಕೆ. ಅಂದರೆ ಕಬ್ಬಿಣಕ್ಕೆ ಹಾಕಿದ ರೂಪಾಯಿ ಮತ್ತೆ ರೂಪಾಯಿಯಾಗಿ ಬರಲು ಸುಮಾರು ಐದು ತಿಂಗಳು. ಇದಕ್ಕೆ ಆಪರೇಟಿಂಗ್ ಸೈಕಲ್ ಅನ್ನುತ್ತಾರೆ, ವ್ಯವಹಾರದ ಸುತ್ತು ಅನ್ನೋಣ.

ಕರೆಂಟ್ ಆಸ್ತಿ ಅಂದರೆ ಈ ಸುತ್ತಿನಲ್ಲಿ ಸಿಕ್ಕಿಕೊಂಡು ತಿರುಗುತ್ತಿರುವ ಆಸ್ತಿ. ಕಬ್ಬಿಣ, ಅರ್ಧ ತಯಾರಾದ ಎರಕ, ಸಿದ್ಧ ಮಾಲು, ಗಿರಾಕಿಯಿಂದ ಬರಬೇಕಾದ ಹಣ, ಇವೆಲ್ಲ ಅದೇ ಸುತ್ತಿನ ಬೇರೆ ಬೇರೆ ಹಂತಗಳು. ಸುತ್ತಿಗೆ ಸೇರದಿದ್ದರೂ ಬ್ಯಾಲೆನ್ಸ್ ಶೀಟ್ ತಾರೀಖಿನಿಂದ ಹನ್ನೆರಡು ತಿಂಗಳೊಳಗೆ ಹಣವಾಗುತ್ತದೆ ಅಂತ ನಿರೀಕ್ಷೆ ಇದ್ದರೆ ಅದೂ ಕರೆಂಟ್. ವ್ಯಾಪಾರಕ್ಕೆಂದೇ ಇಟ್ಟುಕೊಂಡದ್ದು ಕರೆಂಟ್. ಕೈಯಲ್ಲಿರುವ, ಬ್ಯಾಂಕಿನಲ್ಲಿರುವ ಹಣ ಕರೆಂಟ್, ಆದರೆ ಆ ಹಣವನ್ನು ಹನ್ನೆರಡು ತಿಂಗಳು ಮುಟ್ಟದಂತೆ ಕಟ್ಟಿಹಾಕಿರಬಾರದು. ಈ ನಾಲ್ಕರಲ್ಲಿ ಒಂದಕ್ಕೆ ಹೊಂದಿದರೆ ಸಾಕು. ಒಂದಕ್ಕೂ ಹೊಂದದ್ದು ನಾನ್-ಕರೆಂಟ್.

ತುಂಬ ಜನ ಹನ್ನೆರಡು ತಿಂಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಸುತ್ತನ್ನು ಮರೆಯುತ್ತಾರೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಕಂಪನಿಯನ್ನು ತೆಗೆದುಕೊಳ್ಳಿ. ಜಾಗ ಕೊಂಡು, ಮಂಜೂರಾತಿ ಪಡೆದು, ಕಟ್ಟಿ, ಮಾರಿ ಮುಗಿಸಲು ಮೂರ್ನಾಲ್ಕು ವರ್ಷ ಬೇಕು. ಅವರ ಅರ್ಧ ಕಟ್ಟಿದ ಕಟ್ಟಡ ಎರಡು ವರ್ಷದ ನಂತರ ಹಣವಾಗುವುದಿದ್ದರೂ ಕರೆಂಟ್ ಆಸ್ತಿಯೇ. ಅವರ ಸುತ್ತು ಅಷ್ಟು ಉದ್ದ. ಅದೇ ಕಟ್ಟಡದಲ್ಲಿ ನೀವೊಂದು ಆಫೀಸ್ ಕೊಂಡರೆ ನಿಮಗದು ನಾನ್-ಕರೆಂಟ್. ನಿಮ್ಮ ಶೆಡ್ಡಿನ ಲೇತ್ ನಿಮಗೆ ನಾನ್-ಕರೆಂಟ್, ಅದನ್ನು ಮಾರಿದ ಡೀಲರ್‌ಗೆ ಅದು ಸ್ಟಾಕ್. ವಸ್ತುವನ್ನು ನೋಡಿ ತೀರ್ಮಾನಿಸಲು ಆಗುವುದಿಲ್ಲ, ಅದು ಯಾರ ಕೈಯಲ್ಲಿ ಯಾವ ಕೆಲಸಕ್ಕಿದೆ ಅಂತ ಕೇಳಬೇಕು. ನಿಮ್ಮದು ಐದು ತಿಂಗಳ ಸುತ್ತಾದ್ದರಿಂದ ನಿಮಗೆ ಹನ್ನೆರಡು ತಿಂಗಳ ಗೆರೆಯೇ ಮುಖ್ಯ. ಸುತ್ತು ಎಷ್ಟು ಉದ್ದ ಅಂತ ಗುರುತಿಸಲು ಆಗದ ಕಂಪನಿಗೂ ಕಾನೂನು ಹನ್ನೆರಡು ತಿಂಗಳೇ ಅಂತ ಊಹಿಸಿಕೊಳ್ಳಲು ಹೇಳಿದೆ.

ಈಗ ಆಡಿಟರ್ ಮೇಲಕ್ಕೆ ಸಾಗಿಸಿದ ನಾಲ್ಕು ಆಸ್ತಿಗಳು.

ನೀವು ಸಿಟ್ಟಾಗಿದ್ದು 15 ಲಕ್ಷದ ಮಷಿನ್ ಅಡ್ವಾನ್ಸ್ ಬಗ್ಗೆ. ಜೂನ್‌ನಲ್ಲಿ ಮಷಿನ್ ಬರುತ್ತದೆ, ಅಡ್ವಾನ್ಸ್ ಚುಕ್ತಾ ಆಗುತ್ತದೆ, ಮೂರೇ ತಿಂಗಳು ಅಂತ ಬರೆದಿದ್ದೀರಿ. ಚುಕ್ತಾ ಆಗುತ್ತದೆ ನಿಜ. ಆದರೆ ಹಣವಾಗಿ ಅಲ್ಲ. ಅದು ಮಷಿನ್ ಆಗಿ ಹತ್ತು-ಹದಿನೈದು ವರ್ಷ ಶೆಡ್ಡಿನಲ್ಲಿ ಕೂರುತ್ತದೆ. ನಿಯಮ ಕೇಳುವುದು ಈ ಬಾಕಿ ಯಾವಾಗ ಮುಗಿಯುತ್ತದೆ ಅಂತಲ್ಲ, ಯಾವಾಗ ಹಣವಾಗುತ್ತದೆ ಅಂತ. ಇದೇ 15 ಲಕ್ಷವನ್ನು ಪಿಗ್ ಐರನ್‌ಗೆ ಅಡ್ವಾನ್ಸ್ ಕೊಟ್ಟಿದ್ದರೆ ಕರೆಂಟ್ ಆಗಿರುತ್ತಿತ್ತು. ಆ ಕಬ್ಬಿಣ ಎರಕವಾಗಿ, ಬಿಲ್ಲಾಗಿ, ಐದಾರು ತಿಂಗಳಲ್ಲಿ ಹಣವಾಗಿ ವಾಪಸ್ ಬರುತ್ತದೆ. ಎರಡೂ ಅಡ್ವಾನ್ಸೇ, ಎರಡೂ ಚೆಕ್ಕಿನಲ್ಲಿ ಹೋದದ್ದೇ. ಸೇರುವ ಜಾಗ ಬೇರೆ.

20 ಲಕ್ಷದ ಎಫ್‌ಡಿ 2027ರ ಆಗಸ್ಟ್‌ಗೆ ಮುಗಿಯುತ್ತದೆ, ಬ್ಯಾಂಕ್ ಗ್ಯಾರಂಟಿಗೆ ಮಾರ್ಜಿನ್ ಆಗಿ ಅದರ ಮೇಲೆ ಲೀನ್ ಹಾಕಿದ್ದಾರೆ. ರಸೀದಿ ಕೈಯಲ್ಲಿದೆ, ಆದರೆ ಮುರಿಸಲು ಆಗದು. ಕಟ್ಟಿಹಾಕಿದ ಹಣ ಅಂದದ್ದು ಇದನ್ನೇ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಕಾರ್ಖಾನೆಯ ಲೆಕ್ಕದಲ್ಲಿ ಇಂಥದ್ದೇ ಎಫ್‌ಡಿಯನ್ನು ಬ್ಯಾಂಕ್ ಬ್ಯಾಲೆನ್ಸ್ ಜೊತೆ ಕೂಡಿಸಿ ಬರೆದುಕೊಟ್ಟಿದ್ದೆ. ಮಾಲೀಕರು ಆ ಮೊತ್ತ ನಂಬಿ ಸಪ್ಲೈಯರ್‌ಗೆ ಚೆಕ್ ಕೊಟ್ಟರು. ಚೆಕ್ ವಾಪಸ್ ಬಂತು. ಅವತ್ತಿನಿಂದ ಯಾವ ಎಫ್‌ಡಿ ಸಿಕ್ಕರೂ ಮೊದಲು ಲೀನ್ ಇದೆಯಾ ಅಂತ ಬ್ಯಾಂಕ್‌ನಿಂದ ಬರಹದಲ್ಲಿ ತರಿಸಿಕೊಳ್ಳುತ್ತೇನೆ. ಇನ್ನೊಂದು ವಿಷಯ ಗಮನಿಸಿ: ಎಣಿಸುವುದು ಉಳಿದಿರುವ ಅವಧಿಯನ್ನು, ಮಾಡಿಸಿದಾಗಿನ ಅವಧಿಯನ್ನಲ್ಲ. ಇದೇ ಎಫ್‌ಡಿ 2027ರ ಮಾರ್ಚ್ 31ರ ಹಾಳೆಯಲ್ಲಿ, ಇನ್ನು ಐದು ತಿಂಗಳಿಗೆ ಬಿಡುಗಡೆ ಆಗುವುದಿದ್ದರೆ, ಕರೆಂಟ್‌ಗೆ ಇಳಿಯುತ್ತದೆ. ಗ್ಯಾರಂಟಿ ನವೀಕರಿಸಿ ಲೀನ್ ಮುಂದುವರಿಸಿದರೆ ಇಳಿಯುವುದಿಲ್ಲ.

ಹೆಸ್ಕಾಂ ಡಿಪಾಸಿಟ್ 10 ಲಕ್ಷದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೌಂಡ್ರಿ ನಡೆಯುವಷ್ಟು ಕಾಲ ಅದು ಅಲ್ಲೇ ಇರುತ್ತದೆ. ಲೋಡ್ ಜಾಸ್ತಿಯಾದರೆ ಇನ್ನೂ ಕಟ್ಟಬೇಕಾಗುತ್ತದೆ.

ನಾಲ್ಕನೆಯದು 8 ಲಕ್ಷದ ಹಳೆಯ ಬಾಕಿ. ಗಿರಾಕಿಯೊಬ್ಬರು ಎರಕದಲ್ಲಿ ಬ್ಲೋ ಹೋಲ್ ಇದೆ ಅಂತ ಮಾಲು ತಿರಸ್ಕರಿಸಿದರು, ಎರಡು ವರ್ಷದಿಂದ ಕೇಸು ನಡೆಯುತ್ತಿದೆ ಅಂದಿದ್ದೀರಿ. ಗಿರಾಕಿ ಬಾಕಿ ಅಂದ ಮಾತ್ರಕ್ಕೆ ಕರೆಂಟ್ ಆಗಲ್ಲ. ಹನ್ನೆರಡು ತಿಂಗಳಲ್ಲಿ ಬರುತ್ತದೆ ಅಂತ ಹೇಳಲು ನಿಮ್ಮ ಹತ್ತಿರ ಏನೂ ಆಧಾರವಿಲ್ಲ, ಹಾಗಾಗಿ ಮೇಲೆ ಹೋಯ್ತು. ನಿಜಕ್ಕೂ ಇಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ, ಇದು ಬರುತ್ತದಾ? ಬರುವುದು ಅನುಮಾನ ಅನ್ನಿಸಿದರೆ ಅದನ್ನು ನಾನ್-ಕರೆಂಟ್‌ಗೆ ಸಾಗಿಸಿ ಸುಮ್ನೆ ಕೂರುವಂತಿಲ್ಲ, ನಷ್ಟಕ್ಕೆ ಪ್ರಾವಿಷನ್ ಮಾಡಬೇಕು. ನಿಮ್ಮ ವಕೀಲರಿಂದ ಕೇಸಿನ ಸ್ಥಿತಿಯ ಬಗ್ಗೆ ಪತ್ರ ತಂದು ಆಡಿಟರ್‌ಗೆ ಕೊಡಿ.

ಇನ್ನು ಹೊಣೆಗಳ ಕಡೆ. ಇಲ್ಲೇ ನಿಮ್ಮ ಪ್ರಶ್ನೆಯ ತಿರುಳು ಇರುವುದು.

ಆಸ್ತಿಗೆ ಹಾಕುವ ಗೆರೆ ಮತ್ತು ಹೊಣೆಗೆ ಹಾಕುವ ಗೆರೆ ಮೇಲ್ನೋಟಕ್ಕೆ ಒಂದೇ ಥರ. ಸುತ್ತಿನೊಳಗೆ ತೀರಿಸುವುದು ಕರೆಂಟ್, ಹನ್ನೆರಡು ತಿಂಗಳಲ್ಲಿ ಕೊಡಲೇಬೇಕಾದದ್ದು ಕರೆಂಟ್. ಆದರೆ ಹೊಣೆಗೆ ಇನ್ನೊಂದು ಮಾತು ಸೇರಿಸಿದ್ದಾರೆ: ಕನಿಷ್ಠ ಹನ್ನೆರಡು ತಿಂಗಳು ಪಾವತಿಯನ್ನು ಮುಂದೂಡುವ ಷರತ್ತಿಲ್ಲದ ಹಕ್ಕು ಕಂಪನಿಗೆ ಇಲ್ಲದಿದ್ದರೆ ಅದು ಕರೆಂಟ್. ಆಸ್ತಿಯ ಕಡೆ ಕೇಳುವುದು ನಿರೀಕ್ಷೆಯನ್ನು. ಹೊಣೆಯ ಕಡೆ ನಿರೀಕ್ಷೆ ಸಾಲದು, ಹಕ್ಕನ್ನು ಕೇಳುತ್ತಾರೆ.

ನಿಮ್ಮ ತಂದೆಯವರ 40 ಲಕ್ಷಕ್ಕೆ ಇದನ್ನು ಹಾಕಿ ನೋಡಿ. ಎಂಟು ವರ್ಷದಿಂದ ಕೇಳಿಲ್ಲ. ಮುಂದೆಯೂ ಕೇಳಲ್ಲ ಅಂತ ಇಡೀ ಮನೆಗೆ ಗೊತ್ತು. ಆದರೆ ಕಾಗದ ಎಲ್ಲಿದೆ? ಅವಧಿ ಬರೆದಿಲ್ಲ, ಕರಾರಿಲ್ಲ. ಅವಧಿ ಬರೆಯದ ಸಾಲ ಅಂದರೆ ಕೇಳಿದಾಗ ಕೊಡಬೇಕಾದ ಸಾಲ. ನಾಳೆ ಅವರು ಕಂಪನಿಗೆ ಒಂದು ಪತ್ರ ಬರೆದು ವಾಪಸ್ ಕೊಡಿ ಅಂದರೆ, ಒಂದು ವರ್ಷ ಕಾಯಿರಿ ಅನ್ನುವ ಹಕ್ಕು ಕಂಪನಿಗಿಲ್ಲ. ಅಪ್ಪ-ಮಗನ ನಡುವಿನ ನಂಬಿಕೆಯನ್ನು ಆಡಿಟರ್ ಅನುಮಾನಿಸಿದ್ದಲ್ಲ. ಈ ಹಾಳೆಯನ್ನು ಓದುವವರು ಮನೆಯವರಲ್ಲ. ಕಬ್ಬಿಣ ಸಾಲಕ್ಕೆ ಕೊಡುವ ವ್ಯಾಪಾರಿ, ಸಿಸಿ ಕೊಡುವ ಬ್ಯಾಂಕ್, ಇವರೆಲ್ಲ ಈ 40 ಲಕ್ಷ ತಮಗಿಂತ ಮೊದಲು ಹೊರಗೆ ಹೋಗಬಹುದಾ ಅಂತ ನೋಡುತ್ತಾರೆ. ಕಾಗದ ಇಲ್ಲದಿದ್ದರೆ ಹೋಗಬಹುದು.

75 ಲಕ್ಷದ ಸಿಸಿಯೂ ಇದೇ ಕಾರಣಕ್ಕೆ ಕರೆಂಟ್. ಪ್ರತಿ ವರ್ಷ ನವೀಕರಣ ಆಗುತ್ತದೆ, ಹತ್ತು ವರ್ಷದಿಂದ ಬಾಕಿ ಸೊನ್ನೆ ಆಗಿದ್ದೇ ಇಲ್ಲ ಅನ್ನಬಹುದು. ಮಂಜೂರಾತಿ ಪತ್ರ ತೆಗೆದು ಓದಿ, ಬೇಡಿಕೆ ಬಂದಾಗ ಮರುಪಾವತಿ ಅಂತ ಬರೆದಿರುತ್ತದೆ.

ಟರ್ಮ್ ಲೋನ್‌ನಲ್ಲಿ ನಿಮ್ಮ ಹಾಳೆ ಪೂರ್ತಿ 60 ಲಕ್ಷವನ್ನೂ ನಾನ್-ಕರೆಂಟ್‌ನಲ್ಲಿ ಇಟ್ಟಿತ್ತು. ತಿಂಗಳಿಗೆ ಅಸಲಿನ ಕಂತು 1.25 ಲಕ್ಷ, ಇನ್ನು 48 ಕಂತು ಬಾಕಿ. ಮುಂದಿನ ಹನ್ನೆರಡು ಕಂತು ಸೇರಿದರೆ 15 ಲಕ್ಷ. ಅಷ್ಟನ್ನು ಕಡಿದು ಕರೆಂಟ್‌ಗೆ ಇಳಿಸಬೇಕು, ಉಳಿದ 45 ಮೇಲೆ ಇರಬೇಕು. ಒಂದೇ ಸಾಲ, ಎರಡು ಜಾಗ. ಈ ಕಂತುಗಳನ್ನು ಮೊದಲು ಇತರೆ ಕರೆಂಟ್ ಹೊಣೆಗಳ ಸಾಲಿನಲ್ಲಿ ತೋರಿಸುತ್ತಿದ್ದರು. 2021ರ ಮಾರ್ಚ್‌ನಲ್ಲಿ ಆದ ತಿದ್ದುಪಡಿಯ ನಂತರ ಅಲ್ಪಾವಧಿ ಸಾಲದ ಅಡಿಯಲ್ಲಿ ಬೇರೆಯಾಗಿ ತೋರಿಸಬೇಕು. ಹಳೆಯ ಫೈಲು ನೋಡಿಕೊಂಡು ಬರೆಯುವವರು ಈಗಲೂ ಇದರಲ್ಲಿ ತಪ್ಪುತ್ತಾರೆ.

ಈಗ ಎಲ್ಲವನ್ನೂ ಅದರದರ ಜಾಗಕ್ಕೆ ಇಟ್ಟರೆ ನಿಮ್ಮ ಹಾಳೆ ಹೀಗೆ ಕಾಣುತ್ತದೆ, ಎಲ್ಲ ಲಕ್ಷಗಳಲ್ಲಿ:

ಮಾಲೀಕರ ಹಣ: ಷೇರು ಬಂಡವಾಳ 25, ಉಳಿಸಿದ ಲಾಭ 85. ಒಟ್ಟು 110
ನಾನ್-ಕರೆಂಟ್ ಹೊಣೆ: ಟರ್ಮ್ ಲೋನ್ 45
ಕರೆಂಟ್ ಹೊಣೆ: ಸಿಸಿ 75, ವರ್ಷದೊಳಗಿನ ಕಂತು 15, ತಂದೆಯವರ ಸಾಲ 40, ಸಪ್ಲೈಯರ್‌ಗಳಿಗೆ 45, ಜಿಎಸ್‌ಟಿ-ಪಿಎಫ್-ಕೂಲಿ ಬಾಕಿ 15. ಒಟ್ಟು 190
ಮೊತ್ತ 345

ನಾನ್-ಕರೆಂಟ್ ಆಸ್ತಿ: ಶೆಡ್, ಕುಲುಮೆ, ಮಷಿನ್ 130, ಎಫ್‌ಡಿ 20, ಮಷಿನ್ ಅಡ್ವಾನ್ಸ್ 15, ಹೆಸ್ಕಾಂ ಡಿಪಾಸಿಟ್ 10, ಕೇಸಿನಲ್ಲಿರುವ ಬಾಕಿ 8. ಒಟ್ಟು 183
ಕರೆಂಟ್ ಆಸ್ತಿ: ಸ್ಟಾಕ್ 70, ಗಿರಾಕಿ ಬಾಕಿ 87, ನಗದು ಮತ್ತು ಬ್ಯಾಂಕ್ 5. ಒಟ್ಟು 162
ಮೊತ್ತ 345

ನಿಮ್ಮ ಅಕೌಂಟೆಂಟ್ ಹಾಳೆಯಲ್ಲಿ ಕರೆಂಟ್ ಆಸ್ತಿ 215, ಕರೆಂಟ್ ಹೊಣೆ 135. ಭಾಗಿಸಿದರೆ 1.59. ಇಲ್ಲಿ 162ನ್ನು 190ರಿಂದ ಭಾಗಿಸಿದರೆ 0.85. ಒಂದು ರೂಪಾಯಿಯೂ ಬಂದಿಲ್ಲ, ಹೋಗಿಲ್ಲ. ಲಾಭ ಅಷ್ಟೇ, ಒಟ್ಟು ಅಷ್ಟೇ. ಹಾಳೆ ಟ್ಯಾಲಿ ಆಯ್ತು ಅನ್ನುವುದು ಅದು ಸರಿಯಿದೆ ಅನ್ನುವುದಕ್ಕೆ ಸಾಕ್ಷಿಯಲ್ಲ. ಒಂದು ಬಾಕಿಯನ್ನು ತಪ್ಪು ಗುಂಪಿಗೆ ಹಾಕಿದರೂ ಕೂಡಿಸಿದಾಗ ಮೊತ್ತ ಹಾಗೇ ಬರುತ್ತದೆ.

ರೇಷಿಯೋವನ್ನು ಪಕ್ಕಕ್ಕಿಟ್ಟು ಇದನ್ನೇ ಇನ್ನೊಂದು ಕಡೆಯಿಂದ ನೋಡಿ. ನನಗೆ ಇದು ರೇಷಿಯೋಗಿಂತ ಜಾಸ್ತಿ ಅರ್ಥ ಕೊಡುತ್ತದೆ. ಬೇಗ ವಾಪಸ್ ಕೊಡಬೇಕಿಲ್ಲದ ಹಣ ನಿಮ್ಮ ಹತ್ತಿರ ಎಷ್ಟಿದೆ? ಮಾಲೀಕರ 110, ಟರ್ಮ್ ಲೋನ್ 45, ಸೇರಿ 155. ಬೇಗ ಹಣವಾಗದ ಆಸ್ತಿಯಲ್ಲಿ ಎಷ್ಟು ಹೂಡಿದ್ದೀರಿ? 183. ಹೆಚ್ಚಿಗೆ ಹೋದ 28 ಲಕ್ಷ ಎಲ್ಲಿಂದ ಬಂತು? ಕೇಳಿದಾಗ ಕೊಡಬೇಕಾದ ಹಣದಿಂದ. ಬ್ಯಾಂಕ್ ಮ್ಯಾನೇಜರ್ ಕಣ್ಣಿಗೆ ಬಿದ್ದದ್ದು ಇದೇ 28. ಸಿಸಿ ಕೊಡುವುದು ಕಬ್ಬಿಣ ಕೊಳ್ಳಲು, ಕೂಲಿ ಕೊಡಲು. ಅದರಲ್ಲಿ ಮಷಿನ್ ಅಡ್ವಾನ್ಸ್ ಕೊಟ್ಟರೆ ಸುತ್ತಿನಲ್ಲಿರಬೇಕಾದ ಹಣ ಸುತ್ತಿನಿಂದ ಆಚೆ ಹೋಯ್ತು. ನಿಮ್ಮ ಸಿಸಿ ಸ್ಟೇಟ್‌ಮೆಂಟ್‌ನಲ್ಲಿ ಆ 15 ಲಕ್ಷ ಹೋದ ದಿನ ನೋಡಿದೆ. ಅದಾದ ಎರಡನೇ ವಾರದಿಂದ ಸಪ್ಲೈಯರ್ ಪಾವತಿಗಳು ತಡವಾಗಿವೆ. ಕಬ್ಬಿಣದವರು ಫೋನ್ ಮಾಡಲು ಶುರು ಮಾಡಿದ್ದು ಯಾವಾಗ ಅಂತ ನೆನಪಿಸಿಕೊಳ್ಳಿ, ತಾರೀಖು ಹೊಂದುತ್ತದೆ.

ಬ್ಯಾಂಕ್‌ನವರು 1.33 ಬೇಕು ಅಂದಿದ್ದಾರಲ್ಲ, ಅದಕ್ಕೂ ಹಿನ್ನೆಲೆ ಇದೆ. ರಿಸರ್ವ್ ಬ್ಯಾಂಕ್ ನೇಮಿಸಿದ ಟಂಡನ್ ಸಮಿತಿ 1975ರಲ್ಲಿ ವರದಿ ಕೊಟ್ಟಿತು. ಅದರ ಎರಡನೇ ವಿಧಾನದಲ್ಲಿ, ಕರೆಂಟ್ ಆಸ್ತಿಯ ಕಾಲು ಭಾಗವನ್ನು ಸಾಲಗಾರ ತನ್ನ ದೀರ್ಘಾವಧಿ ಹಣದಿಂದ ತರಬೇಕು, ಉಳಿದ ಮುಕ್ಕಾಲು ಕರೆಂಟ್ ಹೊಣೆಗಳಿಂದ ಬರಬಹುದು. ನಾಲ್ಕನ್ನು ಮೂರರಿಂದ ಭಾಗಿಸಿದರೆ 1.33. ಈಗ ಬ್ಯಾಂಕ್‌ಗಳಿಗೆ ತಮ್ಮದೇ ಲೆಕ್ಕ ಇಟ್ಟುಕೊಳ್ಳುವ ಸ್ವಾತಂತ್ರ್ಯ ಇದೆ. ಆದರೂ ಸಾಲದ ಅಧಿಕಾರಿಗಳ ಬಾಯಲ್ಲಿ ಆ 1.33 ಉಳಿದಿದೆ. ಅಪಾರ್ಟ್‌ಮೆಂಟ್ ಕಂಪನಿಗೂ ಫೌಂಡ್ರಿಗೂ ಹಾಲಿನ ಡೈರಿಗೂ ಒಂದೇ ಸಂಖ್ಯೆ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಹಾಲಿಗೆ ಹಾಕಿದ ಹಣ ವಾರದಲ್ಲಿ ವಾಪಸ್ ಬರುತ್ತದೆ, ಡೈರಿ 1ಕ್ಕಿಂತ ಕೆಳಗಿದ್ದೂ ಚೆನ್ನಾಗಿ ನಡೆಯಬಹುದು. ಐದು ತಿಂಗಳ ಸುತ್ತಿನ ಫೌಂಡ್ರಿಗೆ ಆ ಅನುಕೂಲ ಇಲ್ಲ. ನಿಮ್ಮ ವಿಷಯದಲ್ಲಿ ಅವರ ಆತಂಕ ಸರಿಯಾದದ್ದೇ.

ಏನು ಮಾಡಬಹುದು? ಮೊದಲು ತಂದೆಯವರ ಸಾಲಕ್ಕೆ ಕರಾರು ಮಾಡಿಸಿ. ಎಷ್ಟು ಮೊತ್ತ, ಬಡ್ಡಿ ಇದೆಯೋ ಇಲ್ಲವೋ, ಯಾವ ತಾರೀಖಿನವರೆಗೆ ವಾಪಸ್ ಕೇಳುವಂತಿಲ್ಲ ಅನ್ನುವುದು ಅದರಲ್ಲಿ ಸ್ಪಷ್ಟವಾಗಿ ಇರಲಿ. ಬೋರ್ಡ್ ಸಭೆಯಲ್ಲಿ ದಾಖಲಿಸಿ. 2025ರ ಮಾರ್ಚ್ 31ರ ಹಾಳೆಗೆ ಇದರಿಂದ ಉಪಯೋಗವಿಲ್ಲ. ಹಕ್ಕು ಆ ದಿನ ಇತ್ತಾ ಅನ್ನುವುದಷ್ಟೇ ಲೆಕ್ಕ, ಆಮೇಲೆ ಸಹಿ ಮಾಡಿದ ಕಾಗದ ಹಿಂದಿನ ತಾರೀಖಿಗೆ ಹಕ್ಕು ಹುಟ್ಟಿಸುವುದಿಲ್ಲ. ಹಳೆಯ ತಾರೀಖು ಹಾಕಿ ಕೊಡಿ ಅಂತ ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಮುಂದಿನ ಮಾರ್ಚ್ 31ಕ್ಕೆ ಮೊದಲು ಆಗಲಿ. ಮತ್ತು ಅವಧಿಯನ್ನು ಬರೀ ಹದಿಮೂರು ತಿಂಗಳಿಗೆ ಬರೆಯಬೇಡಿ. ಹಾಗೆ ಬರೆದರೆ ಅದರ ಮರುವರ್ಷದ ಹಾಳೆಯಲ್ಲಿ ಅದು ಮತ್ತೆ ಕರೆಂಟ್‌ಗೆ ಜಾರುತ್ತದೆ. ಸಿಸಿ ಇರುವವರೆಗೆ ಈ ಹಣ ತೆಗೆಯುವುದಿಲ್ಲ ಅಂತ ಬ್ಯಾಂಕ್‌ಗೂ ಮುಚ್ಚಳಿಕೆ ಕೊಟ್ಟರೆ ಎಷ್ಟೋ ಬ್ಯಾಂಕ್‌ಗಳು ಅದನ್ನು ಬಂಡವಾಳದ ಹತ್ತಿರ ಹತ್ತಿರ ಇಟ್ಟು ನೋಡುತ್ತವೆ. ಈ ಹಣ ನಿಮ್ಮ ತಂದೆಯವರಿಗೆ ನಿಜವಾಗಿ ಬೇಕಾಗಬಹುದಾ ಅಂತಲೂ ಮನೆಯಲ್ಲಿ ಒಮ್ಮೆ ಕೂತು ಮಾತಾಡಿ. ಸಹಿ ಹಾಕಿದ ಮೇಲೆ ಅವರ ಆಸ್ಪತ್ರೆ ಖರ್ಚಿಗೂ ಅದನ್ನು ತೆಗೆಯಲು ಆಗದಿರಬಹುದು.

ಎರಡನೆಯದು ಆ ಮಷಿನ್. ಅದಕ್ಕೆ ಸಿಸಿಯಿಂದ ಹಣ ಕೊಡದೆ ಟರ್ಮ್ ಲೋನ್‌ಗೆ ಅರ್ಜಿ ಹಾಕಿ. ಈಗಾಗಲೇ ಕೊಟ್ಟ 15 ಲಕ್ಷವನ್ನು ಯೋಜನೆಯ ವೆಚ್ಚದಲ್ಲಿ ಸೇರಿಸಿ ಮರಳಿ ಕೊಡಲು ಕೇಳಿ. ಬಿಲ್ಲು, ಪಾವತಿಯ ದಾಖಲೆ ಇದ್ದರೆ ಇದನ್ನು ಪರಿಗಣಿಸುವ ಬ್ಯಾಂಕ್‌ಗಳಿವೆ. ಅಷ್ಟು ಹಣ ಬಂದು ಸಿಸಿ ಬಾಕಿ ಇಳಿದರೆ ಅಲ್ಪಾವಧಿ ಸಾಲ ದೀರ್ಘಾವಧಿಗೆ ಬದಲಾದಂತೆ.

ಇವೆರಡರ ಫಲ ಎಷ್ಟು ಅಂತ ಈಗಿನ ಅಂಕಿಗಳ ಮೇಲೆಯೇ ಲೆಕ್ಕ ಹಾಕೋಣ. ತಂದೆಯವರ 40 ಮೇಲೆ ಹೋದರೆ ಕರೆಂಟ್ ಹೊಣೆ 150, ರೇಷಿಯೋ 1.08. ಸಿಸಿಯಲ್ಲಿ 15 ಇಳಿದರೆ ಹೊಣೆ 135, ರೇಷಿಯೋ 1.20. ಹೊಸ ಲೋನ್‌ನ ಕಂತು ವರ್ಷದೊಳಗೆ ಶುರುವಾದರೆ ಅಷ್ಟು ಮತ್ತೆ ಕರೆಂಟ್‌ಗೆ ಸೇರಿ ಸ್ವಲ್ಪ ಇಳಿಯುತ್ತದೆ. 1.33ಕ್ಕೆ ಮುಟ್ಟಲು ಅಲ್ಲಿಂದ ಇನ್ನೂ ಸುಮಾರು 13 ಲಕ್ಷ ಹೊಣೆ ಕಡಿಮೆಯಾಗಬೇಕು. ಅದು ಕಾಗದದಿಂದ ಬರುವುದಿಲ್ಲ, ಲಾಭ ಉಳಿಸಿ ಸಿಸಿಗೆ ಕಟ್ಟಿದರೆ ಬರುತ್ತದೆ. ಆ ವರ್ಷದಲ್ಲಿ ಹೊಸ ಗಾಡಿ, ಜಾಗ ಅಂತ ಸಿಸಿಯಿಂದ ಏನೂ ತೆಗೆಯಬೇಡಿ.

ಇನ್ನೊಂದು ಸಣ್ಣ ಕೆಲಸ ಆಡಿಟರ್ ಜೊತೆ ಬಾಕಿ ಇದೆ. 2021ರ ಅದೇ ತಿದ್ದುಪಡಿಯ ಪ್ರಕಾರ ಕರೆಂಟ್ ರೇಷಿಯೋವನ್ನು ನೋಟ್ಸ್‌ನಲ್ಲಿ ತೋರಿಸಬೇಕು, ಹಿಂದಿನ ವರ್ಷಕ್ಕಿಂತ ನೂರಕ್ಕೆ 25ಕ್ಕಿಂತ ಜಾಸ್ತಿ ಬದಲಾಗಿದ್ದರೆ ಕಾರಣ ಬರೆಯಬೇಕು. ನಿಮ್ಮ ಹಿಂದಿನ ವರ್ಷದ ಹಾಳೆಯಲ್ಲೂ ತಂದೆಯವರ ಸಾಲ ನಾನ್-ಕರೆಂಟ್‌ನಲ್ಲೇ ಇತ್ತು ಅಂತ ಕಾಣುತ್ತದೆ. ಹಾಗಿದ್ದರೆ ಪಕ್ಕದ ಕಾಲಂನ ಆ ಅಂಕಿಯನ್ನೂ ಹೊಸ ವಿಂಗಡಣೆಗೆ ತಂದು, ಯಾಕೆ ಬದಲಾಯಿಸಿದೆವು ಅಂತ ಒಂದು ನೋಟ್ ಹಾಕಿಸಿ. ಇಲ್ಲದಿದ್ದರೆ ಬ್ಯಾಂಕ್‌ನವರು ಎರಡು ಕಾಲಂ ಪಕ್ಕಪಕ್ಕ ನೋಡಿ, ಒಂದೇ ವರ್ಷದಲ್ಲಿ 40 ಲಕ್ಷ ಹೊಸ ಅಲ್ಪಾವಧಿ ಸಾಲ ಎತ್ತಿದ್ದಾರೆ ಅಂದುಕೊಳ್ಳುತ್ತಾರೆ.